ಹತ್ತು ಲವಂಗದ ಗಸಿ

ತಂಗಿಯ ಮಗಳು ಸುರತ್ಕಲ್‌ನಲ್ಲಿ ಫ್ಲ್ಯಾಟ್ ಮಾಡಿಕೊಂಡಿದ್ದಾಳೆ. ಒಂದು ಭಾನುವಾರ ಮನೆಗೆ ನೆಂಟರು ಬರುತ್ತಾರೆಂದು ಬೆಳಿಗ್ಗೆಯೇ ಫೋನ್ ಮಾಡಿದಳು. ಗೀ ರೈಸ್ ಮತ್ತು ಕೋರಿ ಗಸಿ, ಎರಡಕ್ಕೂ ಮಸಾಲೆ ಎಷ್ಟೆಷ್ಟು ದೊಡ್ಡಮ್ಮ ಎಂದು ಕೇಳಿದಳು. ನಾನು ದೋಸೆ ಹುಯ್ಯುತ್ತಾ, ಫೋನನ್ನು ಹೆಗಲಿಗೆ ಒತ್ತಿ ಹಿಡಿದುಕೊಂಡೇ ಹೇಳಿದೆ: ಲವಂಗ ಹತ್ತು, ಏಲಕ್ಕಿ ಆರು, ಎರಡು ತುಂಡು ಚಕ್ಕೆ. ಅದು ಗೀ ರೈಸಿನ ಲೆಕ್ಕ. ಅವಳು ಅಷ್ಟನ್ನೂ ಗಸಿಯ ಮಸಾಲೆಗೆ ಹಾಕಿ ಅರೆದುಬಿಟ್ಟಳು.

ಮಧ್ಯಾಹ್ನ ಮತ್ತೆ ಫೋನ್. "ದೊಡ್ಡಮ್ಮ, ಗಸಿ ಬಾಯಿಗಿಟ್ಟರೆ ನಾಲಿಗೆ ಜೋಮು ಹಿಡಿಯುತ್ತದೆ. ಹಲ್ಲಿನ ಡಾಕ್ಟರ ಹತ್ತಿರ ಹೋದ ಹಾಗೆ ಉಂಟು."

ಅವಳು ಹೇಳಿದ್ದು ತಮಾಷೆಗಲ್ಲ. ಲವಂಗದ ಎಣ್ಣೆಯಲ್ಲಿ ಇರುವುದು ಹೆಚ್ಚಿನಂಶ ಯೂಜೆನಾಲ್, ಹಲ್ಲುನೋವಿಗೆ ಹಚ್ಚುವುದೂ ಅದನ್ನೇ. ಇಡೀ ಲವಂಗ ತುಪ್ಪದಲ್ಲಿ ಬಿದ್ದರೆ ಆ ಎಣ್ಣೆ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತದೆ. ಉಳಿದದ್ದು ಮೊಗ್ಗಿನೊಳಗೇ ಇರುತ್ತದೆ, ನಾವು ಅದನ್ನು ತಟ್ಟೆಯ ಬದಿಗೆ ಎತ್ತಿಡುತ್ತೇವೆ. ಅರೆದರೆ ಒಳಗಿದ್ದದ್ದೆಲ್ಲ ಒಂದೇ ಸಲ ಸಾರಿಗೆ ಬಂತು. ಎತ್ತಿಡಲು ಏನೂ ಇಲ್ಲ. ಹಾಗಾಗಿ ಇಡೀ ಹಾಕುವಾಗ ಹತ್ತು ಆದದ್ದು, ಅರೆಯುವಾಗ ಮೂರು ಸಾಕು. ಒಂದು ಕೆ.ಜಿ. ಕೋಳಿಗೆ ನಾನು ಮೂರಕ್ಕಿಂತ ಜಾಸ್ತಿ ಲವಂಗ ಅರೆಯುವುದಿಲ್ಲ.

ಆ ದಿನ ಅವಳಿಗೆ ಎರಡು ಬಟ್ಟಲು ದಪ್ಪ ತೆಂಗಿನಹಾಲು ಹಾಕಲು ಹೇಳಿದೆ, ಜೊತೆಗೆ ಅರ್ಧ ಕೆ.ಜಿ. ಕೋಳಿ ಬೇರೆ ಬೇಯಿಸಿ ಸೇರಿಸಲು ಹೇಳಿದೆ. ಗಸಿ ತಿನ್ನುವ ಹಾಗಾಯಿತು. ಒಳ್ಳೆಯದಾಯಿತು ಅಂತ ಹೇಳಲಾರೆ.

ಆಮೇಲೆ ಅವಳ ಮನೆಗೆ ಹೋದಾಗ ಮಸಾಲೆ ಡಬ್ಬ ತೆಗೆದು ನೋಡಿದೆ. ಆಗ ಗೊತ್ತಾಯಿತು, ತಪ್ಪು ಲವಂಗದ್ದು ಮಾತ್ರ ಅಲ್ಲ. ನಾನು ಎರಡು ತುಂಡು ಎಂದದ್ದು ನನ್ನ ಡಬ್ಬದ ಚಕ್ಕೆಯನ್ನು ನೆನೆಸಿಕೊಂಡು. ಅವಳ ಡಬ್ಬದಲ್ಲಿದ್ದ ಚಕ್ಕೆಯೇ ಬೇರೆ.

ನಮ್ಮ ಮನೆಯ ಹಿಂದೆ ಒಂದು ದಾಲ್ಚಿನ್ನಿ ಮರ ಉಂಟು. ಅತ್ತೆಯ ಕಾಲದ್ದು. ಮಳೆಗಾಲದಲ್ಲಿ ಕೆಂಪು ಚಿಗುರು ಬಂದು, ಅದು ಹಸಿರಾಗುವ ಹೊತ್ತಿಗೆ ತೊಗಟೆ ಸುಲಭದಲ್ಲಿ ಬಿಡುತ್ತದೆ. ಎರಡು ಮೂರು ವರ್ಷದ ಕೊಂಬೆ ಕಡಿದು, ಹೊರಗಿನ ಒರಟು ಸಿಪ್ಪೆ ಕೆರೆದು ತೆಗೆದು, ಒಳಗಿನ ತೆಳು ತೊಗಟೆಯನ್ನು ಮಾತ್ರ ಸುಲಿದು ನೆರಳಿನಲ್ಲಿ ಒಣಗಿಸಬೇಕು. ಒಣಗುತ್ತಾ ಅದು ತಾನೇ ಸುರುಳಿಯಾಗುತ್ತದೆ. ಶ್ರೀಲಂಕಾದಲ್ಲಿ ಇಂಥ ತೆಳು ಸುರುಳಿಗಳನ್ನು ಒಂದರೊಳಗೆ ಒಂದು ತುರುಕಿ ಉದ್ದ ಕೋಲು ಮಾಡುತ್ತಾರೆ. ತುದಿಯಿಂದ ನೋಡಿದರೆ ಬೀಡಿಯೊಳಗೆ ಎಲೆ ತುಂಬಿದ ಹಾಗೆ ಪದರ ಪದರ ಕಾಣುತ್ತದೆ. ಅದೇ ನಿಜವಾದ ದಾಲ್ಚಿನ್ನಿ, ಸಿಲೋನ್ ದಾಲ್ಚಿನ್ನಿ ಅಂತ ಮಾರುತ್ತಾರೆ. ಬಣ್ಣ ತಿಳಿ ಕಂದು. ಎರಡು ಬೆರಳಿನ ನಡುವೆ ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಅಗಿದರೆ ಸಿಹಿ, ಸ್ವಲ್ಪ ನಿಂಬೆಯ ವಾಸನೆ.

ಅವಳ ಡಬ್ಬದಲ್ಲಿದ್ದದ್ದು ಕ್ಯಾಸಿಯಾ. ಚೀನಾ, ವಿಯೆಟ್ನಾಂ, ಇಂಡೋನೇಷ್ಯಾ ಕಡೆಯಿಂದ ಬರುವುದು. ಅದೂ ದಾಲ್ಚಿನ್ನಿಯ ಕುಟುಂಬದ್ದೇ ಮರ, ಆದರೆ ಬೇರೆ ಜಾತಿ. ತೊಗಟೆ ದಪ್ಪ, ಒಂದೇ ಪದರ. ಸುರುಳಿಯಾಗಿದ್ದರೆ ಎರಡು ಅಂಚೂ ಒಳಗೆ ಮಡಚಿಕೊಂಡಿರುತ್ತದೆ, ನಡುವೆ ಖಾಲಿ. ಇಲ್ಲದಿದ್ದರೆ ಸುಮ್ನೆ ಮರದ ಚೂರಿನ ಹಾಗೆ ಚಪ್ಪಟೆ. ಬಣ್ಣ ಕೆಂಪು ಮಿಶ್ರಿತ ಗಾಢ ಕಂದು. ಕೈಯಲ್ಲಿ ಮುರಿಯಲು ಹೋದರೆ ಬೆರಳು ನೋಯುತ್ತದೆ. ಅಗಿದರೆ ಮೊದಲು ಖಾರ, ಆಮೇಲೆ ಒಂದು ಕಹಿ. ನಾವು ಜಿನಸಿನ ಅಂಗಡಿಯಲ್ಲಿ "ಐವತ್ತು ಗ್ರಾಂ ಚಕ್ಕೆ ಕೊಡಿ" ಎಂದರೆ ಹೆಚ್ಚಾಗಿ ಕೈಗೆ ಬರುವುದು ಇದೇ. ಅಂಗಡಿಯವ ಮೋಸ ಮಾಡಿದ ಅಂತ ಅಲ್ಲ. ನಮ್ಮಲ್ಲಿ ಎರಡಕ್ಕೂ ಹೆಸರು ಒಂದೇ. ಸಿಲೋನ್ ಬೇಕಾದರೆ ಹಾಗೆಂದೇ ಕೇಳಬೇಕು, ಬೆಲೆಯೂ ಜಾಸ್ತಿ ಕೊಡಬೇಕು.

ಹಾಗಂತ ಕ್ಯಾಸಿಯಾ ಕೀಳು ಎಂದು ನಾನು ಹೇಳುವುದಿಲ್ಲ. ಕೋಳಿ ಸುಕ್ಕಕ್ಕೆ, ಮಟನ್ ಬಿರಿಯಾನಿಗೆ ಅದರ ಖಾರವೇ ಚಂದ. ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿಯ ನಡುವೆ ಸಿಲೋನ್ ದಾಲ್ಚಿನ್ನಿಯ ಮೆಲು ಪರಿಮಳ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಆದರೆ ಹಾಲಿಗೆ, ಕಸ್ಟರ್ಡಿಗೆ, ಕೇಕಿಗೆ, ಬೇಯಿಸಿದ ನೇಂದ್ರ ಬಾಳೆಹಣ್ಣಿನ ಮೇಲೆ ಉದುರಿಸಲು ಸಿಲೋನ್ ಬೇಕು. ಲೆಕ್ಕವೂ ಬದಲಾಗುತ್ತದೆ: ಸಿಲೋನಿನ ಎರಡು ಇಂಚಿನ ಎರಡು ತುಂಡು ಹಾಕುವಲ್ಲಿ ಕ್ಯಾಸಿಯಾ ಒಂದೂವರೆ ಇಂಚಿನ ಒಂದೇ ತುಂಡು ಸಾಕು.

ಇನ್ನೊಂದು ವಿಷಯ ಅವಳಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಯಿತು. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಯಾರೋ ಹೇಳಿದರಂತೆ, ಅವಳ ಗಂಡ ದಿನಾ ಬೆಳಿಗ್ಗೆ ಒಂದು ದೊಡ್ಡ ಚಮಚ ಚಕ್ಕೆ ಪುಡಿ ಬಿಸಿನೀರಿಗೆ ಹಾಕಿ ಕುಡಿಯುತ್ತಿದ್ದರು. ಪ್ಯಾಕೆಟ್ ಪುಡಿ. ಪುಡಿ ಆದ ಮೇಲೆ ಯಾವುದು ಯಾವುದೆಂದು ಕಣ್ಣಿಗೆ ಗೊತ್ತಾಗುವುದಿಲ್ಲ, ಸಿಲೋನ್ ಎಂದು ಬರೆದಿಲ್ಲವಾದರೆ ಕ್ಯಾಸಿಯಾ ಎಂದೇ ಎಣಿಸಿ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ವಸ್ತು ಜಾಸ್ತಿ ಇರುತ್ತದೆ. ಸಿಲೋನಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ದಿನವೂ ಜಾಸ್ತಿ ಕೂಮರಿನ್ ಹೊಟ್ಟೆಗೆ ಹೋದರೆ ಕೆಲವರ ಲಿವರಿಗೆ ತೊಂದರೆಯಾಗುತ್ತದೆ. ಜರ್ಮನಿಯ ಆಹಾರ ಸುರಕ್ಷತೆಯವರು ಹಾಕಿದ ಲೆಕ್ಕದಲ್ಲಿ, 60 ಕೆ.ಜಿ. ತೂಕದವರು ದಿನಾ ತಿನ್ನುವುದಾದರೆ ಕ್ಯಾಸಿಯಾ ಪುಡಿ 2 ಗ್ರಾಂ ದಾಟಬಾರದು. ಅಂದರೆ ಒಂದು ಸಣ್ಣ ಚಮಚವೂ ಪೂರ್ತಿ ಅಲ್ಲ. ಸಣ್ಣ ಮಕ್ಕಳಿಗೆ ಇನ್ನೂ ಕಡಿಮೆ. ಗಸಿಗೆ ಬೀಳುವ ಅರ್ಧ ಇಂಚು ಆರು ಜನರ ತಟ್ಟೆಗೆ ಹಂಚಿ ಹೋಗುತ್ತದೆ, ಅದಕ್ಕೆಲ್ಲ ಹೆದರಬೇಡಿ. ದಿನಾ ಚಮಚಗಟ್ಟಲೆ ಕುಡಿಯುವುದೇ ತಪ್ಪು. ಸಕ್ಕರೆಗೆ ಡಾಕ್ಟರು ಕೊಟ್ಟ ಮಾತ್ರೆ ಇರುವಾಗ ಇದೆಲ್ಲ ಎಂತಕ್ಕೆ ಮಾರಾಯ್ತಿ ಎಂದೆ. ಅವಳ ಗಂಡ ಪೇಪರ್ ಅಡ್ಡ ಹಿಡಿದು ಕೂತಿದ್ದರು.

ಸರಿ, ಈಗ ಗೀ ರೈಸಿಗೆ ಬರುತ್ತೇನೆ. ಮೂರು ಕಪ್ ಜೀರಸಾಲೆ ಅಕ್ಕಿ ತೊಳೆದು ಇಪ್ಪತ್ತು ನಿಮಿಷ ನೆನೆಸಿ. ನಾಲ್ಕು ದೊಡ್ಡ ಚಮಚ ತುಪ್ಪ ಬಿಸಿಯಾದ ಮೇಲೆ ಉರಿ ತಗ್ಗಿಸಿ. ಮೊದಲು ಎರಡು ಪಲಾವ್ ಎಲೆ, ಚಕ್ಕೆ. ಅವು ತಡೆದುಕೊಳ್ಳುತ್ತವೆ. ಆಮೇಲೆ ಲವಂಗ. ಒಂದು ನಿಮಿಷದಲ್ಲಿ ಅದು ಸ್ವಲ್ಪ ಉಬ್ಬುತ್ತದೆ, ಅಷ್ಟೇ ಸಾಕು. ಉರಿ ಜೋರಿದ್ದರೆ ಸಿಡಿಯುತ್ತದೆ, ಕಪ್ಪಾದರೆ ಇಡೀ ಅನ್ನ ಕಹಿ. ಕೊನೆಗೆ ಏಲಕ್ಕಿ. ಅದನ್ನು ಹಾಗೇ ಹಾಕಿದರೆ ಹೆಚ್ಚಾಗಿ ಸಿಪ್ಪೆಯ ಪರಿಮಳವೇ ಸಿಗುತ್ತದೆ, ಅದರಲ್ಲಿ ಹೆಚ್ಚೇನೂ ಇಲ್ಲ. ಕುಟ್ಟಾಣಿಯಲ್ಲಿ ಒಂದೇ ಪೆಟ್ಟು ಕೊಟ್ಟು ಬಾಯಿ ಬಿಡಿಸಿ ಹಾಕಿ. ಇವುಗಳ ಪರಿಮಳ ನೀರಿಗಿಂತ ತುಪ್ಪಕ್ಕೆ ಬೇಗ ಇಳಿಯುತ್ತದೆ. ಅದಕ್ಕೇ ನೀರು ಕುದಿಯುವಾಗ ಮಸಾಲೆ ಹಾಕಿದ ಅನ್ನಕ್ಕೂ ತುಪ್ಪದಲ್ಲಿ ಹುರಿದ ಅನ್ನಕ್ಕೂ ಅಷ್ಟು ವ್ಯತ್ಯಾಸ. ಆಮೇಲೆ ಈರುಳ್ಳಿ, ಅಕ್ಕಿ, ಐದು ಕಪ್ ಬಿಸಿನೀರು. ಗೀ ರೈಸಿಗೆ ಪುಡಿ ಹಾಕಿದರೆ ಅನ್ನ ಮಾಸಲು ಬಣ್ಣಕ್ಕೆ ತಿರುಗುತ್ತದೆ, ನೆಂಟರ ಎದುರು ಇಡಲು ನಾಚಿಕೆ.

ಗಸಿಗೆ ಅರೆಯುವುದೇ ಸರಿ, ಅಲ್ಲಿ ಮಸಾಲೆ ತೆಂಗಿನಕಾಯಿಯ ಜೊತೆ ಒಂದಾಗಬೇಕು. ಆದರೆ ಕ್ಯಾಸಿಯಾವನ್ನು ತೆಂಗಿನಕಾಯಿ ಜೊತೆ ಹಸಿಯಾಗಿ ಮಿಕ್ಸಿಗೆ ಹಾಕಬೇಡಿ. ಎಷ್ಟು ತಿರುಗಿಸಿದರೂ ಮರದ ಪುಡಿಯ ಹಾಗೆ ಚೂರು ಉಳಿಯುತ್ತದೆ, ನೀರುದೋಸೆಯ ಜೊತೆ ಹಲ್ಲಿಗೆ ಸಿಗುತ್ತದೆ. ಅರ್ಧ ಇಂಚು ಚಕ್ಕೆ, ಮೂರು ಲವಂಗ, ಮೆಣಸು, ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತೆ ಹುರಿದು, ಆರಿದ ಮೇಲೆ ಒಣಗಿದ್ದನ್ನೇ ಮೊದಲು ನುಣ್ಣಗೆ ಪುಡಿ ಮಾಡಿ. ಆಮೇಲೆ ಕಾಯಿ, ಬೆಳ್ಳುಳ್ಳಿ, ನೀರು. ಏಲಕ್ಕಿಯನ್ನು ನಾನು ಗಸಿಗೆ ಹಾಕುವುದಿಲ್ಲ. ಹಾಕುವವರು ಇದ್ದಾರೆ, ನನಗೆ ಮಾತ್ರ ಪಾಯಸ ನೆನಪಾಗುತ್ತದೆ.

ಏಲಕ್ಕಿ ಪುಡಿಯ ಜಾಗ ಪಾಯಸದಲ್ಲಿ. ಕಡಲೆಬೇಳೆ ಪಾಯಸ ಒಲೆಯಿಂದ ಇಳಿಸಿದ ಮೇಲೆ ಹಾಕಬೇಕು, ಕುದಿಯುವಾಗ ಹಾಕಿದರೆ ಪರಿಮಳವೆಲ್ಲ ಹಬೆಯ ಜೊತೆ ಹೋಗುತ್ತದೆ. ಅಡುಗೆಮನೆ ಘಮಘಮ, ಪಾಯಸ ಸಪ್ಪೆ. ಬೀಜ ಬಿಡಿಸಿ, ಒಂದು ಚಮಚ ಸಕ್ಕರೆ ಜೊತೆ ಕುಟ್ಟಿದರೆ ಬೇಗ ನುಣ್ಣಗಾಗುತ್ತದೆ. ಬೀಜ ಕಪ್ಪಗೆ, ಸ್ವಲ್ಪ ಅಂಟಂಟಾಗಿ ಇರಬೇಕು. ಮಾಸಿ ಒಣಗಿದ್ದರೆ ಹಳೆಯದು. ಪುಡಿ ಮಾಡಿಟ್ಟರೆ ಕೆಲವೇ ದಿನಗಳಲ್ಲಿ ಪರಿಮಳ ಇಳಿಯುತ್ತದೆ, ಆದ್ದರಿಂದ ಅವತ್ತಿಗೆ ಬೇಕಾದಷ್ಟೇ ಕುಟ್ಟಿ. ಸಿಪ್ಪೆ ಚಹಾ ಪುಡಿಯ ಡಬ್ಬಕ್ಕೆ. ಲವಂಗ ಒಳ್ಳೆಯದಾ ಎಂದು ನೋಡಲು ತಲೆಯ ಕೆಳಗಿನ ಕಾಂಡಕ್ಕೆ ಉಗುರು ಒತ್ತಿ, ಎಣ್ಣೆ ಜಿನುಗಬೇಕು.

ಪಲಾವ್ ಎಲೆಯ ಬಗ್ಗೆಯೂ ಅವಳದ್ದೊಂದು ಪ್ರಶ್ನೆ ಇತ್ತು. ಸೂಪರ್ ಮಾರ್ಕೆಟಿನಿಂದ ತಂದ ವಿದೇಶಿ ಪ್ಯಾಕೆಟಿನ ಎಲೆಗೆ ನಮ್ಮ ಎಲೆಯ ಪರಿಮಳ ಏಕಿಲ್ಲ ಎಂದು. ಎಲೆ ತಿರುಗಿಸಿ ತೋರಿಸಿದೆ. ನಮ್ಮ ಪಲಾವ್ ಎಲೆ ದಾಲ್ಚಿನ್ನಿಯ ಬಳಗದ್ದು, ಬುಡದಿಂದ ತುದಿಯವರೆಗೆ ಉದ್ದಕ್ಕೆ ಮೂರು ನರ ಇರುತ್ತದೆ, ಮುರಿದರೆ ಚಕ್ಕೆಯ ವಾಸನೆ. ಆ ಪ್ಯಾಕೆಟಿನದ್ದು ಬೇರೆಯೇ ಮರ, ಬೇ ಲಾರೆಲ್, ನಡುವೆ ಒಂದೇ ನರ. ಸೂಪಿಗೆ ಅದು ಆದೀತು, ಬಿರಿಯಾನಿಗೆ ಬೇಡ. ನಮ್ಮ ಹಿತ್ತಲಿನ ದಾಲ್ಚಿನ್ನಿ ಮರದ ಎಲೆಯಲ್ಲೂ ಮೂರು ನರ. ಆದರೆ ಅದನ್ನು ಹಿಚುಕಿದರೆ ಲವಂಗದ ಪರಿಮಳ ಬರುತ್ತದೆ, ಯೂಜೆನಾಲ್ ಅದರಲ್ಲೂ ಉಂಟು. ಒಣಗಿಸಿಟ್ಟ ಆ ಎಲೆಯ ಒಂದು ಕಟ್ಟು ಅವಳಿಗೆ ಕೊಟ್ಟು ಬಂದೆ, ಅದನ್ನು ಹಾಕಿದ ದಿನ ಎರಡು ಲವಂಗ ಕಡಿಮೆ ಮಾಡು ಎಂದೂ ಹೇಳಿದೆ.

ಈ ಎಲೆಯನ್ನು ಹಸಿ ಮಸಾಲೆಗೆ ಅರೆಯಬಾರದು. ಎಷ್ಟು ಬೆಂದರೂ ಮೆತ್ತಗಾಗುವುದಿಲ್ಲ, ಚೂರು ಗಂಟಲಿಗೆ ಚುಚ್ಚುತ್ತದೆ. ಗರಂ ಮಸಾಲೆಗೆ ಬೇಕಾದರೆ ನಡುವಿನ ದಪ್ಪ ನರ ಕಿತ್ತು, ಗರಿಗರಿಯಾಗುವವರೆಗೆ ಬೆಚ್ಚಗೆ ಮಾಡಿ, ಪುಡಿ ಮಾಡಿ ಜರಡಿ ಹಿಡಿಯಿರಿ. ಉಳಿದದ್ದಕ್ಕೆಲ್ಲ ಇಡೀ ಎಲೆಯೇ. ಬಡಿಸುವ ಮೊದಲು ಎಣಿಸಿ ತೆಗೆಯಿರಿ, ಎರಡು ಹಾಕಿದ್ದರೆ ಎರಡೂ ಸಿಗಬೇಕು. ಒಂದು ಸಿಗದಿದ್ದರೆ ಅದು ಮುರಿದು ಅನ್ನದೊಳಗೆ ಎಲ್ಲೋ ಉಂಟು, ಮಕ್ಕಳ ತಟ್ಟೆಗೆ ಬಡಿಸುವಾಗ ನೋಡಿಕೊಳ್ಳಿ.