ಭಯ ಮೊದಲಾ, ಬೇಸರ ಮೊದಲಾ: ಒಂದು ಗೆರೆ ಎಳೆದು ನೋಡಿದ್ದು

ನಾನು ಮನಃಶಾಸ್ತ್ರಜ್ಞೆ. ಮಾತ್ರೆ ಬರೆಯುವುದಿಲ್ಲ, ಮಾತಿನ ಚಿಕಿತ್ಸೆ ಮಾಡುತ್ತೇನೆ. ಇಲ್ಲಿ ಹೇಳುವವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಮೂವತ್ತು ದಾಟಿದ ಒಬ್ಬ ಶಿಕ್ಷಕಿ ಬಂದರು. "ಮೇಡಂ, ಏನೂ ಬೇಡ ಅನ್ನಿಸ್ತಿದೆ. ಮಕ್ಕಳ ಮೇಲೆ ರೇಗ್ತೀನಿ, ಆಮೇಲೆ ಅಳ್ತೀನಿ. ಎದೆ ಬೇರೆ ಡವಡವ ಅನ್ನುತ್ತೆ" ಎಂದರು. ಕೆಲಸ ಬಿಟ್ಟು ಆರು ತಿಂಗಳಾಗಿತ್ತು. ನಾವು ಬಳಸುವ ಎರಡು ಪ್ರಶ್ನಾವಳಿ ಕೊಟ್ಟೆ. ಖಿನ್ನತೆಗೆ ಪಿಎಚ್‌ಕ್ಯೂ-9, ಆತಂಕಕ್ಕೆ ಜಿಎಡಿ-7. ಎರಡೂ ಕಳೆದ ಎರಡು ವಾರದ ಬಗ್ಗೆ ಕೇಳುತ್ತವೆ. ಮೊದಲನೆಯದರಲ್ಲಿ 27ಕ್ಕೆ 16 ಬಂತು, ಎರಡನೆಯದರಲ್ಲಿ 21ಕ್ಕೆ 15. ಎರಡರಲ್ಲೂ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗಮನ ಕೊಡಬೇಕು ಅಂತ ಲೆಕ್ಕ. ಎರಡೂ ಇದೆ ಅಂತ ಅಂಕ ಹೇಳಿತು. ಯಾವುದು ಯಾವುದನ್ನು ಎಳೆದು ತಂದಿತು ಅಂತ ಹೇಳಲಿಲ್ಲ.

ನಾನು ತಪ್ಪಿದ್ದು ಅಲ್ಲೇ. ಅವರು ಮೊದಲು ಹೇಳಿದ ಮಾತು "ಏನೂ ಬೇಡ" ಅಂತ ಇತ್ತಲ್ಲ, ಅದನ್ನೇ ಹಿಡಿದೆ. ಖಿನ್ನತೆಗೆ ಮಾಡುವಂತೆ ದಿನಚರಿ ಹಾಕಿಕೊಟ್ಟೆ. ಬೆಳಿಗ್ಗೆ ಅಂಗಳದಲ್ಲಿ ಸ್ವಲ್ಪ ಹೊತ್ತು, ಬುಧವಾರ ಸಂತೆ, ಭಾನುವಾರ ಅಕ್ಕನ ಮನೆ. ಮುಂದಿನ ವಾರ ಅವರು ಬಂದಾಗ ಸಂತೆಗೂ ಹೋಗಿರಲಿಲ್ಲ, ಅಕ್ಕನ ಮನೆಗೂ ಹೋಗಿರಲಿಲ್ಲ. "ಇಷ್ಟೂ ಆಗಲ್ಲ ನನ್ನ ಕೈಲಿ" ಎಂದು ಅತ್ತರು. ನಾನು ಕೊಟ್ಟ ಪಟ್ಟಿಯೇ ಅವರ ಬೇಸರಕ್ಕೆ ಇನ್ನೊಂದು ಕಾರಣವಾಗಿತ್ತು. ಮೂರು ವಾರ ಹೀಗೇ ಹೋಯಿತು.

ನಾಲ್ಕನೇ ವಾರ ಅವರ ಗಂಡನನ್ನೂ ಒಳಗೆ ಕರೆದೆ. ಬಿಳಿ ಹಾಳೆಯಲ್ಲಿ ಅಡ್ಡಗೆರೆ ಎಳೆದೆ. ಒಂದು ತುದಿಯಲ್ಲಿ "ಚೆನ್ನಾಗಿದ್ದ ದಿನ", ಇನ್ನೊಂದು ತುದಿಯಲ್ಲಿ "ಇವತ್ತು". ನಡುವೆ ಏನೇನಾಯಿತು ಅಂತ ಗುರುತು ಹಾಕೋಣ ಎಂದೆ. "ನಾನು ಯಾವಾಗ್ಲೂ ಹೀಗೇ" ಎಂದರು ಅವರು. ಕುಗ್ಗಿದ ಮನಸ್ಸು ಹಿಂದಿನದನ್ನೂ ಕಪ್ಪಾಗಿಯೇ ತೋರಿಸುತ್ತದೆ. ಹಾಗಾಗಿ ತಾರೀಖು ಕೇಳಿದರೆ ಪ್ರಯೋಜನವಿಲ್ಲ. ಹಬ್ಬ, ಮದುವೆ, ಮಗುವನ್ನು ಶಾಲೆಗೆ ಸೇರಿಸಿದ ದಿನ, ಇಂಥವನ್ನು ಹಿಡಿದು ಕೇಳಬೇಕು. ಮನೆಯವರು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಗಂಡ ಹೇಳಿದರು: "ಎರಡು ವರ್ಷದ ಹಿಂದೆ ತಂಗಿ ಮದುವೇಲಿ ಇವಳೇ ಎಲ್ಲಾ ಓಡಾಡಿದ್ದು ಮೇಡಂ. ಆಮೇಲೆ ಒಂದಿನ ಬಸ್ಸಿಂದ ಅರ್ಧ ದಾರೀಲಿ ಇಳಿದುಬಿಟ್ಟಳು."

ಶಿಕ್ಷಕಿ ತಲೆ ಎತ್ತಿದರು. ಗೆರೆ ತುಂಬತೊಡಗಿತು. ಬಸ್ ತುಂಬಾ ಜನ, ಸೆಕೆ, ಎದೆಬಡಿತ ಜೋರಾಗಿ, ಕೈ ಬೆವರಿ, ಸತ್ತೇ ಹೋಗ್ತೀನಿ ಅನ್ನಿಸಿತ್ತು. ಇಸಿಜಿ ಸರಿ ಇತ್ತು. ಆದರೆ ಆ ದಿನದಿಂದ ಬಸ್ ಬಂದ್. ಗಂಡ ಬೈಕಿನಲ್ಲಿ ಶಾಲೆಗೆ ಬಿಡತೊಡಗಿದರು. ಆಮೇಲೆ ಸಂತೆ ಬಿಟ್ಟರು, ದೇವಸ್ಥಾನದ ಜಾತ್ರೆ ಬಿಟ್ಟರು, ಅಕ್ಕನ ಮನೆ ಬಿಟ್ಟರು. ಕಡೆಗೆ ಶಾಲೆಯೂ ಹೋಯಿತು. "ಏನೂ ಬೇಡ" ಅನ್ನಿಸಿದ್ದು ಶಾಲೆ ಬಿಟ್ಟ ಮೇಲೆ. ಬಸ್ಸಿನ ದಿನಕ್ಕೂ ಅದಕ್ಕೂ ನಡುವೆ ಒಂದು ವರ್ಷಕ್ಕಿಂತ ಜಾಸ್ತಿ ಅಂತರ.

ಎರಡೂ ಜೊತೆಯಾಗಿ ಬರುವುದಕ್ಕೆ ಬಹಳ ಸಲ ಇದೇ ದಾರಿ. ಭಯ ಬಂದ ಜಾಗವನ್ನು ನಾವು ಬಿಡುತ್ತೇವೆ. ಬಿಟ್ಟ ತಕ್ಷಣ ಹಾಯೆನಿಸುತ್ತದೆ, ಅದಕ್ಕೇ ಮತ್ತೆ ಬಿಡುತ್ತೇವೆ. ಆದರೆ ಖುಷಿ ಕೊಡುತ್ತಿದ್ದ ಜನ, ಕೆಲಸ, ಊಟ, ಹರಟೆ ಎಲ್ಲ ಆ ಜಾಗದಲ್ಲೇ ಇದ್ದವಲ್ವಾ? ಅವೂ ಕೈಬಿಡುತ್ತವೆ. ಆಮೇಲೆ ಮನಸ್ಸು ಕುಗ್ಗುತ್ತದೆ. ತಿರುಗಾ ದಾರಿಯೂ ಇದೆ. ಕುಗ್ಗಿದವರು ಹಾಸಿಗೆ ಬಿಟ್ಟೇಳುವುದಿಲ್ಲ, ಕಂತು ಕಟ್ಟುವುದಿಲ್ಲ, ಫೋನ್ ತೆಗೆಯುವುದಿಲ್ಲ. ಆಗ ಭಯಪಡಲು ನಿಜವಾದ ಕಾರಣಗಳೇ ಹುಟ್ಟಿಕೊಳ್ಳುತ್ತವೆ. ಇದರ ಜೊತೆಗೆ, ಎರಡಕ್ಕೂ ಬುಡ ಒಂದಿಷ್ಟು ಒಂದೇ. ಎರಡೂ ಒಂದೇ ಮನೆತನದಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ನಿದ್ದೆಗೇಡು, ಸುಸ್ತು, ಗಮನ ನಿಲ್ಲದಿರುವುದು ಎರಡರಲ್ಲೂ ಇರುತ್ತವೆ. ಅದಕ್ಕೇ ಆ ಲಕ್ಷಣಗಳನ್ನು ನೋಡಿ ಯಾವುದು ಮುಂದೆ ಅಂತ ತೀರ್ಮಾನಿಸಲು ಆಗುವುದಿಲ್ಲ.

ಗೆರೆ ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿದೆ: "ನಾಳೆ ಬೆಳಿಗ್ಗೆ ಈ ಭಯ ಇಲ್ಲವೇ ಇಲ್ಲ ಅಂದುಕೊಳ್ಳಿ. ಏನು ಮಾಡ್ತೀರಿ?" ಅವರು ಯೋಚಿಸಲೇ ಇಲ್ಲ. "ಮೊದಲ ಬಸ್ಸಿಗೆ ಅಕ್ಕನ ಮನೆಗೆ. ಅವಳ ಕೈಯ ಕಡುಬು ತಿನ್ನಬೇಕು" ಎಂದರು. ಮುಖ ಅರಳಿತು. ಆಸೆ ಸತ್ತಿರಲಿಲ್ಲ, ಭಯ ಅದರ ದಾರಿಗೆ ಅಡ್ಡ ನಿಂತಿತ್ತು, ಅಷ್ಟೆ. ಹಾಗಾದರೆ ಇಲ್ಲಿ ಮುಂದೆ ನಡೆಯುತ್ತಿರುವುದು ಆತಂಕ.

ದಿನಚರಿ ಪಟ್ಟಿ ಪಕ್ಕಕ್ಕಿಟ್ಟೆವು. ಬಸ್ಸನ್ನೇ ಮೆಟ್ಟಿಲು ಮಾಡಿಕೊಂಡೆವು. ಮೊದಲು ಬಸ್ ನಿಲ್ದಾಣದಲ್ಲಿ ಗಂಡನ ಜೊತೆ ಅರ್ಧ ಗಂಟೆ. ಆಮೇಲೆ ನಿಂತ ಬಸ್ಸಿನಲ್ಲಿ ಕೂರುವುದು. ಆಮೇಲೆ ಒಂದು ಸ್ಟಾಪ್, ಮೂರು ಸ್ಟಾಪ್, ಕಡೆಗೆ ಒಬ್ಬರೇ. ಎದೆ ಹೊಡೆದುಕೊಂಡರೂ ಇಳಿಯಬಾರದು. ಅದು ತಾನಾಗಿ ಇಳಿಯುವುದನ್ನು ಕೂತೇ ನೋಡಬೇಕು. ಎಂಟು ವಾರಕ್ಕೆ ಆತಂಕದ ಅಂಕ 15ರಿಂದ 7ಕ್ಕೆ ಬಂತು. ಖಿನ್ನತೆಯದೂ 16ರಿಂದ 6ಕ್ಕೆ ಇಳಿಯಿತು. ಬೇಸರಕ್ಕೆ ಅಂತ ನಾವು ಬೇರೆ ಏನೂ ಮಾಡಿರಲಿಲ್ಲ.

ಅದೇ ತಿಂಗಳು ಅಡಿಕೆ ಬೆಳೆಗಾರರೊಬ್ಬರು ಬಂದಿದ್ದರು. ವಯಸ್ಸು ಐವತ್ತೈದರ ಹತ್ತಿರ. ಅವರ ದೂರೆಲ್ಲ ಗಾಬರಿಯದೇ. ಎದೆ ಬಿಗಿತ, ಕೈ ನಡುಕ, ಸಾಲದ ಚಿಂತೆ. ಆ ವಯಸ್ಸಿನವರೆಗೆ ಇಲ್ಲದ ಗಾಬರಿ ಹೊಸದಾಗಿ ಬಂದರೆ ನಾನು ಎರಡು ಅನುಮಾನ ಪಡುತ್ತೇನೆ. ಒಂದು ದೇಹದ ಕಾಯಿಲೆ, ಇನ್ನೊಂದು ಒಳಗೆ ಖಿನ್ನತೆ. ಹೃದಯ, ಥೈರಾಯ್ಡ್, ಸಕ್ಕರೆ, ರಕ್ತ ಎಲ್ಲ ನೋಡಿಸಿದ್ದರು, ಸರಿ ಇದ್ದವು. ಗೆರೆ ಎಳೆದೆವು. ಗಾಬರಿಗೆ ಮೂರು ತಿಂಗಳ ಮೊದಲೇ ಅವರು ತೋಟಕ್ಕೆ ಹೋಗುವುದು ಬಿಟ್ಟಿದ್ದರು. ಭಯದಿಂದ ಅಲ್ಲ, ಮನಸ್ಸಿಲ್ಲದೆ. ಆತಂಕದವರಿಗೆ ರಾತ್ರಿ ನಿದ್ದೆ ಹತ್ತುವುದೇ ಕಷ್ಟ. ಇವರಿಗೆ ನಿದ್ದೆ ಬೇಗ ಬರುತ್ತಿತ್ತು, ನಾಲ್ಕಕ್ಕೇ ಎಚ್ಚರ. ಬೆಳಗಿನ ಹೊತ್ತು ತೀರಾ ಭಾರ, ಸಂಜೆಗೆ ಸ್ವಲ್ಪ ಹಗುರ. ಇವೆಲ್ಲ ಖಿನ್ನತೆಯ ಕಡೆಗೇ ಬೊಟ್ಟು ಮಾಡುತ್ತಿದ್ದವು.

"ಯಜಮಾನ್ರೇ, ಈ ಗಾಬರಿ ನಾಳೆ ಹೋಯ್ತು ಅಂತಿಟ್ಟುಕೊಳ್ಳಿ, ಏನು ಮಾಡ್ತೀರಿ?" ಎಂದೆ. ತುಂಬಾ ಹೊತ್ತು ಸುಮ್ನಿದ್ದರು. "ಮಾಡೋಕೆ ಏನಿದೆ ಮೇಡಂ" ಎಂದರು.

ಇಂಥ ಉತ್ತರ ಬಂದಾಗ ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳುತ್ತೇನೆ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಅವರು ಹೌದು ಎಂದರು. ಯಾವುದು ಮುಂದೆ ಅನ್ನುವ ವಿಚಾರ ಆಗ ಪಕ್ಕಕ್ಕೆ. ಅದೇ ದಿನ ಮನೋವೈದ್ಯರ ಹತ್ತಿರ ಕಳಿಸಿದೆ. ತೋಟಕ್ಕೆ ಹೊಡೆಯುವ ಔಷಧಿಯನ್ನು ಮನೆಯಿಂದ ಬೇರೆ ಕಡೆ ಇಡಿಸಲು ಮಗನಿಗೆ ಹೇಳಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ. ಅಲ್ಲಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿ ಮಾತಾಡಬಹುದು. ಖಿನ್ನತೆಗೂ ಆತಂಕಕ್ಕೂ ಮನೋವೈದ್ಯರು ಸಾಮಾನ್ಯವಾಗಿ ಒಂದೇ ಗುಂಪಿನ ಮಾತ್ರೆ ಕೊಡುತ್ತಾರೆ. ಅದು ಹಿಡಿಯಲು ಕೆಲವು ವಾರ ಬೇಕು. ಶುರುವಿನ ದಿನಗಳಲ್ಲಿ ಚಡಪಡಿಕೆ ಜಾಸ್ತಿಯಾಗಬಹುದು ಅಂತ ಮನೆಯವರಿಗೆ ಮೊದಲೇ ಹೇಳಿದೆವು. ಶಿಕ್ಷಕಿಗೆ ಸೋತ ದಿನಚರಿ ಪಟ್ಟಿ ಇವರಿಗೆ ಹಿಡಿಯಿತು. ದಿನಾ ಬೆಳಿಗ್ಗೆ ಮಗನ ಜೊತೆ ತೋಟದ ಬೇಲಿಯವರೆಗೆ ಹೋಗಿ ಬರುವುದರಿಂದ ಶುರು ಮಾಡಿದೆವು.

ಕೆಲವರ ಗೆರೆ ಕೊನೆಗೂ ಸ್ಪಷ್ಟವಾಗುವುದಿಲ್ಲ. ಅವರಿಗೆ ಎರಡು ವಾರದ ಪುಸ್ತಕ ಕೊಡುತ್ತೇನೆ. ರಾತ್ರಿ ಮಲಗುವ ಮುಂಚೆ ಎರಡೇ ಅಂಕ ಬರೆಯಬೇಕು, ಸೊನ್ನೆಯಿಂದ ಹತ್ತರವರೆಗೆ. ಇವತ್ತು ಭಯ ಎಷ್ಟಿತ್ತು, ಏನಾದರೂ ಮಾಡಬೇಕು ಅನ್ನುವ ಆಸೆ ಎಷ್ಟಿತ್ತು. ಭಯ ಏರಿದ ಮಾರನೇ ದಿನ ಆಸೆ ಇಳಿಯುತ್ತಿದೆಯಾ, ಇಲ್ಲಾ ಆಸೆ ಇಳಿದ ಮೇಲೆ ಭಯ ಏರುತ್ತಿದೆಯಾ ಅಂತ ಇಬ್ಬರೂ ಕೂತು ಬೆರಳಿಟ್ಟು ನೋಡುತ್ತೇವೆ. ಎರಡೂ ಒಂದೇ ದಿನ ಏರಿಳಿದರೆ ಎರಡಕ್ಕೂ ಒಟ್ಟಿಗೇ ಕೆಲಸ ಶುರು ಮಾಡುತ್ತೇವೆ.