ಟ್ಯಾಂಕ್ ಖಾಲಿಯಾಗಲು ಎಷ್ಟು ಹೊತ್ತು ಬೇಕು? ನಾನು ಅಳೆದ ರೀತಿ

ನಮ್ಮ ವರ್ಕ್‌ಶಾಪ್ ಬೆಂಗಳೂರಿನಲ್ಲಿದೆ. ಅಲ್ಲಿ 300 ಲೀಟರಿನ ಏರ್ ಟ್ಯಾಂಕ್ ಇದೆ, ಗೇಜ್ 7 ಬಾರ್ ತೋರಿಸುತ್ತದೆ. 4 ಮಿ.ಮೀ. ನಾಝಲ್ ಮೂಲಕ ಗಾಳಿ ಬಿಟ್ಟರೆ 1.1 ಬಾರ್‌ಗೆ ಇಳಿಯಲು ಎಷ್ಟು ಹೊತ್ತು ಬೇಕು ಅಂತ ಮೆಂಟೆನೆನ್ಸ್‌ನವರಿಗೆ ನಾನು ಹೇಳಬೇಕಿತ್ತು.

ಇದರಲ್ಲಿ ಒಂದು ಅನುಕೂಲ ಇದೆ. ಟ್ಯಾಂಕಿನ ಒತ್ತಡ ಹೊರಗಿನದಕ್ಕಿಂತ ಸುಮಾರು 1.9 ಪಟ್ಟು ಜಾಸ್ತಿ ಇರುವವರೆಗೆ ನಾಝಲ್ಲಿನ ಕತ್ತಿನಲ್ಲಿ ಗಾಳಿ ಶಬ್ದದ ವೇಗದಲ್ಲೇ ಹೋಗುತ್ತದೆ. ಇದಕ್ಕೇ ಚೋಕ್ ಆಗುವುದು ಅನ್ನುವುದು. ಆಗ ಹೊರಗಡೆ ಏನೇ ಇದ್ದರೂ ಹರಿವಿಗೆ ಸಂಬಂಧವಿಲ್ಲ. ಸೆಕೆಂಡಿಗೆ ಎಷ್ಟು ಗಾಳಿ ಹೋಗುತ್ತದೆ ಅನ್ನುವುದನ್ನು ಟ್ಯಾಂಕಿನ ಒತ್ತಡ ಮತ್ತು ಉಷ್ಣತೆ ಮಾತ್ರ ನಿರ್ಧರಿಸುತ್ತವೆ. ಹಾಗಾಗಿ ಲೆಕ್ಕ ಸುಲಭ:

```
τ = V / (Cd · A · 201)
P = P0 · e^(-t/τ)
P = P0 · (1 + 0.2·t/τ)^(-7)
```

V ಟ್ಯಾಂಕಿನ ಗಾತ್ರ, A ನಾಝಲ್ ತೂತಿನ ವಿಸ್ತೀರ್ಣ. Cd ಅಂದರೆ ಆ ತೂತು ಆದರ್ಶ ನಾಝಲ್ಲಿನ ಎಷ್ಟು ಭಾಗ ಗಾಳಿ ಬಿಡುತ್ತದೆ ಅನ್ನುವ ಅಂಕಿ. P0 ಶುರುವಿನ ಒತ್ತಡ, t ವಾಲ್ವ್ ತೆರೆದ ಮೇಲಿನ ಸಮಯ, τ ಒತ್ತಡ ಎಷ್ಟು ಬೇಗ ಇಳಿಯುತ್ತದೆ ಅಂತ ಹೇಳುವ ಸಮಯ. 201 ಅನ್ನುವುದು 27 ಡಿಗ್ರಿ ಗಾಳಿಗೆ ಬರುವ ಅಂಕಿ, ಸೆಕೆಂಡಿಗೆ ಮೀಟರ್‌ನಲ್ಲಿ. ಎರಡನೇ ಸಾಲು ಟ್ಯಾಂಕಿನ ಗಾಳಿ ತಣ್ಣಗಾಗುವುದೇ ಇಲ್ಲ ಅಂದುಕೊಂಡರೆ. ಮೂರನೆಯದು ಟ್ಯಾಂಕಿನ ಗೋಡೆಯಿಂದ ಅದಕ್ಕೆ ಚೂರೂ ಶಾಖ ಸಿಗುವುದಿಲ್ಲ ಅಂದುಕೊಂಡರೆ. ನಿಜ ಇವೆರಡರ ನಡುವೆ ಎಲ್ಲೋ ಇರುತ್ತದೆ. ಎಲ್ಲಿ ಅಂತ ಅಳೆದೇ ನೋಡಬೇಕು.

ಇಲ್ಲಿ P ಅಂದರೆ ಗೇಜ್ ಅಂಕಿ ಅಲ್ಲ, ಪೂರ್ತಿ ಒತ್ತಡ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಗೇಜ್ ಅಂಕಿಗೆ 1.01 ಅಲ್ಲ, 0.91 ಬಾರ್ ಕೂಡಿಸುತ್ತೇನೆ. ಅಲ್ಲಿಗೆ ಶುರುವಿನ ಒತ್ತಡ 7.91.

ಮೊದಲು ಡ್ರೇನ್ ಕಾಕ್ ತೆಗೆದು ನೀರನ್ನೆಲ್ಲ ಹೊರಗೆ ಬಿಟ್ಟೆ. ತಳದಲ್ಲಿ ನೀರು ನಿಂತಿದ್ದರೆ 300 ಲೀಟರ್ ಅನ್ನುವ ಅಂಕಿಯೇ ಸುಳ್ಳು. ಕಂಪ್ರೆಸರ್ ಆಫ್ ಮಾಡಿ, ಗೇಜ್ ಮುಳ್ಳು ಅಲುಗಾಡದೆ ನಿಲ್ಲುವವರೆಗೆ ಕಾದೆ. ನಾಝಲ್ಲಿನ ಮುಂದೆ ಮುಕ್ಕಾಲು ಇಂಚಿನ ಬಾಲ್ ವಾಲ್ವ್ ಇಟ್ಟೆ. ವಾಲ್ವಿನ ರಂಧ್ರ ನಾಝಲ್ಲಿಗಿಂತ ಚೆನ್ನಾಗಿ ದೊಡ್ಡದಿರಬೇಕು, ಇಲ್ಲದಿದ್ದರೆ ವಾಲ್ವೇ ಚೋಕ್ ಆಗಿ ನಾವು ಅದನ್ನೇ ಅಳೆಯುತ್ತಾ ಇರುತ್ತೇವೆ. ಕಿವಿಗೆ ಮಫ್ ಹಾಕದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಈಗ τ ಬೇಕು. ವಾಲ್ವ್ ತೆರೆದು 20 ಸೆಕೆಂಡಿಗೆ ಮುಚ್ಚಿದೆ. ಮುಚ್ಚಿದ ಕ್ಷಣ ಗೇಜ್ 5.7ರ ಸುತ್ತ ಇತ್ತು. ಆಮೇಲೆ ತಾನಾಗಿಯೇ ಮೇಲೇರಿ 5.95ಕ್ಕೆ ನಿಂತಿತು. ಎಲ್ಲಿಂದಲೂ ಗಾಳಿ ಒಳಗೆ ಬಂದಿಲ್ಲ. ಹಿಗ್ಗಿ ತಣ್ಣಗಾಗಿದ್ದ ಗಾಳಿ ಗೋಡೆಯ ಶಾಖ ಹೀರಿ ಮತ್ತೆ ಬೆಚ್ಚಗಾಯಿತು, ಅಷ್ಟೆ. ನಾನು ನಂಬುವುದು ಈ ನಿಂತ ಅಂಕಿಯನ್ನು. ಉಷ್ಣತೆ ಮೊದಲಿನಷ್ಟೇ ಆಗಿರುವುದರಿಂದ, ಒಳಗೆ ಎಷ್ಟು ಗಾಳಿ ಉಳಿದಿದೆ ಅಂತ ಅದು ನೇರವಾಗಿ ಹೇಳುತ್ತದೆ. 7.91 ಇದ್ದದ್ದು 6.86 ಆಗಿದೆ. 20 ಅನ್ನು ln(7.91/6.86)ರಿಂದ ಭಾಗಿಸಿದರೆ τ 140 ಸೆಕೆಂಡ್. ಹಿಂದಕ್ಕೆ ಲೆಕ್ಕ ಹಾಕಿದರೆ Cd 0.85 ಬರುತ್ತದೆ. ಡ್ರಿಲ್ ಹಾಕಿ ಒಳಬಾಯಿ ಸ್ವಲ್ಪ ಉಜ್ಜಿದ ತೂತಿಗೆ ಅದು ಸರಿಯಾದ ಅಂಕಿ. ಮುಚ್ಚಿದ ಕ್ಷಣದ 5.7 ತೆಗೆದುಕೊಂಡಿದ್ದರೆ ನಾಝಲ್ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು.

7.91ರಿಂದ 2.01ಕ್ಕೆ ಇಳಿಯಲು ಎರಡನೇ ಸಾಲಿನ ಪ್ರಕಾರ 192 ಸೆಕೆಂಡ್, ಮೂರನೆಯದರ ಪ್ರಕಾರ 151. ಪೂರ್ತಿ ಬಿಟ್ಟು ನೋಡಿದಾಗ 180ರ ಆಸುಪಾಸು ಬಂತು. ಅಂದರೆ ಗೋಡೆ ಬಹಳಷ್ಟು ಶಾಖ ಕೊಡುತ್ತಿದೆ. ಇನ್ನೊಮ್ಮೆ ಬಿಡುವಾಗ ಗೇಜ್ 2.1 ತೋರಿಸಿದಾಗ ವಾಲ್ವ್ ಮುಚ್ಚಿದೆ. ಅದು 2.4ಕ್ಕೆ ಏರಿ ನಿಂತಿತು. 300 ಕೆಲ್ವಿನ್ ಅನ್ನು 3.01/3.31ರಿಂದ ಗುಣಿಸಿದರೆ 273. ಮುಚ್ಚುವ ಹೊತ್ತಿಗೆ ಒಳಗಿನ ಗಾಳಿ ಸರಾಸರಿ ಸೊನ್ನೆ ಡಿಗ್ರಿಯಲ್ಲಿತ್ತು! ಶಾಖವೇ ಸಿಗದಿದ್ದರೆ ಅದು ಮೈನಸ್ 45ರ ಹತ್ತಿರ ಇರಬೇಕಿತ್ತು. ಟ್ಯಾಂಕಿನೊಳಗೆ ಥರ್ಮಾಮೀಟರ್ ಇಡದೆ ಉಷ್ಣತೆ ತಿಳಿಯುವ ಈ ವಿಧಾನ ನನಗೆ ತುಂಬಾ ಇಷ್ಟ. ಥರ್ಮೋಕಪಲ್ ಇಟ್ಟರೂ ಅದು ಒಂದು ಜಾಗದ ಉಷ್ಣತೆ ಮಾತ್ರ ಹೇಳುತ್ತದೆ, ಅದೂ ತಡವಾಗಿ.

ನಾಝಲ್ ದೊಡ್ಡದಾದರೆ ಗೋಡೆಗೆ ಶಾಖ ಕೊಡಲು ಸಮಯವೇ ಸಿಗುವುದಿಲ್ಲ, ಮೂರನೇ ಸಾಲಿಗೆ ಹತ್ತಿರ ಬರುತ್ತೇವೆ. ಸಣ್ಣದಾದರೆ ಎರಡನೆಯದಕ್ಕೆ. ಹಾಗಾಗಿ ಕಾಯುವ ಸಮಯ ಹೇಳಬೇಕಾದಾಗ ಎರಡನೇ ಸಾಲು ಹಿಡಿಯುತ್ತೇನೆ, ಅದು ಹೆಚ್ಚು ಹೊತ್ತು ತೋರಿಸುತ್ತದೆ. ಎಷ್ಟು ತಣ್ಣಗಾಗಬಹುದು ಅಂತ ಕೇಳಿದರೆ ಮೂರನೆಯದು.

ಇವೆಲ್ಲ ನಡೆಯುವುದು ಗೇಜ್ ಸುಮಾರು 0.8 ಬಾರ್‌ಗೆ ಬರುವವರೆಗೆ. ಅದರ ಕೆಳಗೆ ಚೋಕ್ ಬಿಟ್ಟುಹೋಗುತ್ತದೆ, ಹರಿವು ಈ ಸೂತ್ರ ಹೇಳುವುದಕ್ಕಿಂತ ನಿಧಾನವಾಗುತ್ತದೆ. ಅದಕ್ಕೇ ಮೆಂಟೆನೆನ್ಸ್‌ನವರಿಗೆ 1.1ರವರೆಗಿನ ಸಮಯ ಮಾತ್ರ ಕೊಟ್ಟೆ. ಫ್ಲೇಂಜ್ ಬಿಚ್ಚುವುದಾದರೆ ಗಡಿಯಾರ ನೋಡಬೇಡಿ, ಗೇಜ್ ಸೊನ್ನೆಗೆ ಬಂದ ಮೇಲೂ ವಾಲ್ವ್ ತೆರೆದೇ ಇಡಿ ಅಂತ ಹೇಳಿದೆ. ವಾಲ್ವ್ ಮುಚ್ಚಿಬಿಟ್ಟರೆ ತಣ್ಣಗಿರುವ ಗಾಳಿ ಬೆಚ್ಚಗಾಗಿ ಒತ್ತಡ ಮತ್ತೆ ಏರುತ್ತದೆ.