ಮೂರು ಕೊಟೇಶನ್, ಒಂದು ಕೋಣೆ: ಮೊತ್ತ ನೋಡುವ ಮೊದಲು ಸಾಲು ಸಾಲಾಗಿ ಓದಿ

ದಾವಣಗೆರೆಯ ನಿಟ್ಟುವಳ್ಳಿಯ ಪರಿಚಿತರೊಬ್ಬರು ಮನೆಯ ಮೇಲೊಂದು ಕೋಣೆ ಕಟ್ಟಿಸಲು ಹೊರಟಿದ್ದರು. ಹೊರ ಅಳತೆ 20 ಅಡಿಗೆ 15 ಅಡಿ, ನಮ್ಮ ಕಡೆಯ ಮಾತಿನಲ್ಲಿ ಮೂರು ಚದರ. ಒಂದು ಬಾಗಿಲು, ಎರಡು ಕಿಟಕಿ, ಮೇಲೆ ಸ್ಲ್ಯಾಬ್. ಮೂವರು ಗುತ್ತಿಗೆದಾರರಿಂದ ಕೊಟೇಶನ್ ತರಿಸಿದ್ದರು. ಮೊದಲನೆಯದು ಡೈರಿಯಿಂದ ಹರಿದ ಹಾಳೆ, ₹3,72,000. ಎರಡನೆಯದು ಲೆಟರ್‌ಹೆಡ್ ಮೇಲೆ, ₹4,28,000. ಮೂರನೆಯದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಟ್ಟಿ, ₹4,55,000. "ಮೊದಲನೆಯವರಿಗೇ ಒಪ್ಪಿಸಿಬಿಡುತ್ತೇನೆ ಸರ್, ಐವತ್ತಾರು ಸಾವಿರ ಉಳಿಯುತ್ತದೆ" ಎಂದು ಅವರು ಕಾಗದಗಳನ್ನು ನನ್ನ ಮುಂದಿಟ್ಟರು.

ಕಟ್ಟಡ ಕೆಲಸದ ಮೇಲ್ವಿಚಾರಣೆಯಲ್ಲಿ ಬಹಳ ವರ್ಷ ಕಳೆದವನು ನಾನು. ಇಂಥ ಕಾಗದ ಕೈಗೆ ಬಂದರೆ ಕೊನೆಯ ಸಾಲನ್ನು ಬೆರಳಿನಿಂದ ಮುಚ್ಚಿಕೊಂಡು ಓದುವುದು ನನ್ನ ರೂಢಿ. ಮೂರು ಮೊತ್ತಗಳನ್ನು ಅಕ್ಕಪಕ್ಕ ಇಡಬೇಕಾದರೆ ಮೂರೂ ಒಂದೇ ಕೆಲಸದ ಬೆಲೆಯಾಗಿರಬೇಕು. ಇಲ್ಲಿ ಹಾಗಿರಲಿಲ್ಲ.

ಮೊದಲು ನಿಮ್ಮದೇ ಅಳತೆ

ಹೋಲಿಕೆಗೆ ನಾಲ್ಕನೆಯ ಕಾಗದವೊಂದು ಬೇಕು, ಅದು ನಿಮ್ಮದು. ನಕ್ಷೆಯನ್ನೂ ಟೇಪನ್ನೂ ಹಿಡಿದು ಕುಳಿತರೆ ಇಷ್ಟು ಸಣ್ಣ ಕೆಲಸಕ್ಕೆ ಒಂದು ಸಂಜೆ ಸಾಕು. ಪ್ರತಿ ಕೆಲಸಕ್ಕೆ ಒಂದು ಸಾಲು ಹಾಕಿ, ಅದರ ಮುಂದೆ ಅಳತೆ ಮತ್ತು ಯಾವ ಗುಣಮಟ್ಟದ್ದು ಎಂಬ ವಿವರ ಬರೆಯಿರಿ. ದರದ ಜಾಗ ಖಾಲಿ ಇರಲಿ.

ಈ ಕೋಣೆಯ ಸ್ಲ್ಯಾಬನ್ನೇ ನೋಡೋಣ. ಗೋಡೆಯ ಹೊರ ಅಳತೆ 20×15, ಅಂದರೆ 300 ಚದರಡಿ. ಆದರೆ ನಕ್ಷೆಯಲ್ಲಿ ಸ್ಲ್ಯಾಬ್ ಸುತ್ತಲೂ ಒಂದೂವರೆ ಅಡಿ ಹೊರಚಾಚಿತ್ತು. ಹಾಗಾಗಿ ಅದರ ಅಳತೆ 23×18, ಅಂದರೆ 414 ಚದರಡಿ. 'ಚದರಕ್ಕೆ ಇಷ್ಟು' ಎಂದು ಮಾತಾಡುವವರಲ್ಲಿ ಒಬ್ಬರು 300ನ್ನು ಹಿಡಿದಿರುತ್ತಾರೆ, ಇನ್ನೊಬ್ಬರು 414ನ್ನು. ದರ ಕಡಿಮೆ ಹೇಳಿದವರ ಬಿಲ್ಲು ಹೆಚ್ಚಾಗುವುದು ಹೀಗೆಯೇ.

ಗಿಲಾವಿನ ಅಳತೆಯೂ ಹಾಗೆಯೇ. ಒಳಗೋಡೆಗಳ ಸುತ್ತಳತೆ 66 ಅಡಿ, ಎತ್ತರ 10 ಅಡಿ, ಆಯಿತು 660. ಒಳಸೂರು 266, ಹೊರಗೋಡೆ 700, ಹೊರಚಾಚಿದ ಸ್ಲ್ಯಾಬಿನ ಅಡಿಭಾಗ 114. ಒಟ್ಟು 1,740 ಚದರಡಿ. ಇದರಲ್ಲಿ ಬಾಗಿಲು ಕಿಟಕಿಗಳ ಜಾಗವನ್ನು ಕಳೆಯಬೇಕೇ ಎಂಬುದು ಪ್ರತಿ ಮನೆಯಲ್ಲೂ ಆಗುವ ಜಗಳ. ಭಾರತೀಯ ಮಾನಕದ ಅಳತೆ ಪದ್ಧತಿ, ಅಂದರೆ ಐಎಸ್ 1200, ಇದಕ್ಕೊಂದು ದಾರಿ ಹೇಳಿದೆ. ಅರ್ಧ ಚದರ ಮೀಟರ್‌ವರೆಗಿನ ತೆರಪನ್ನು ಕಳೆಯುವಂತಿಲ್ಲ. ಅದಕ್ಕಿಂತ ದೊಡ್ಡದಾಗಿ ಮೂರು ಚದರ ಮೀಟರ್ ಒಳಗಿದ್ದರೆ ಗೋಡೆಯ ಒಂದು ಮಗ್ಗುಲಿಗೆ ಮಾತ್ರ ಕಳೆಯಬೇಕು. ಇನ್ನೊಂದು ಮಗ್ಗುಲಿನದು ತೆರಪಿನ ಅಂಚುಗಳಿಗೆ ಬಳಿಯುವ ಕೆಲಸಕ್ಕೆ ಸರಿಹೋಗುತ್ತದೆ. ಇಲ್ಲಿನ ಬಾಗಿಲು ಕಿಟಕಿಗಳು ಸೇರಿ ಸುಮಾರು 56 ಚದರಡಿ, ಎಲ್ಲವೂ ಈ ಎರಡನೆಯ ಗುಂಪಿನವು. ಆದ್ದರಿಂದ ಗಿಲಾವು 1,684 ಚದರಡಿ ಎಂದು ಬರೆದುಕೊಂಡೆವು.

ಗುಣಮಟ್ಟವನ್ನು ಬರೆಯುವಾಗ ಕಂಪನಿಯ ಹೆಸರಿಗಿಂತ ಅಳೆಯಬಹುದಾದ ಮಾತು ಮುಖ್ಯ. ಗೋಡೆ ಆರು ಇಂಚಿನ ಸಾಲಿಡ್ ಬ್ಲಾಕಿನದು, ಸ್ಲ್ಯಾಬ್ ಐದು ಇಂಚು ದಪ್ಪ, ಕಾಂಕ್ರೀಟ್ ಎಂ20, ಕಬ್ಬಿಣ ಎಂಜಿನಿಯರ್ ಕೊಟ್ಟ ಪಟ್ಟಿಯಂತೆ 420 ಕೆ.ಜಿ. ಯಾರಾದರೂ ಸ್ಲ್ಯಾಬಿಗೆ ಸಿಮೆಂಟು, ಮರಳು, ಜಲ್ಲಿ 1:2:4 ಎಂದು ಬರೆದಿದ್ದರೆ ಆ ಕಾಗದವನ್ನು ತಿದ್ದಿಸಿ ತರಿಸಿ. ಅದು ಎಂ15ರ ಮಿಶ್ರಣ, ಕಬ್ಬಿಣ ಹಾಕುವ ಕಾಂಕ್ರೀಟಿಗೆ ಎಂ20ಕ್ಕಿಂತ ಕಡಿಮೆ ಸಲ್ಲದು. (ಹಳೆಯ ಮನೆಯ ಪಾಯ ಮೇಲಿನ ಭಾರವನ್ನು ತಡೆಯುತ್ತದೆಯೇ ಎಂದು ಎಂಜಿನಿಯರ್ ನೋಡಿ ಹೇಳುವ ಮೊದಲು ಕೊಟೇಶನ್ ಕೇಳುವುದೇ ವ್ಯರ್ಥ. ಇವರದು ಆಗಿತ್ತು.)

ಬರೆಯದೆ ಬಿಟ್ಟ ಸಾಲುಗಳು

ಈಗ ಮೂರೂ ಕೊಟೇಶನ್‌ಗಳನ್ನು ನಿಮ್ಮ ಪಟ್ಟಿಯ ಪಕ್ಕಕ್ಕೆ ಇಳಿಸಿ. ಯಾರ ಸಾಲು ಖಾಲಿ ಉಳಿಯುತ್ತದೆ ಎಂಬುದೇ ಮೊದಲು ಕಣ್ಣಿಗೆ ಬೀಳುತ್ತದೆ. ₹3,72,000ದ ಹಾಳೆಯಲ್ಲಿ ಪ್ಯಾರಾಪೆಟ್ ಗೋಡೆ ಇರಲಿಲ್ಲ. ಸ್ಲ್ಯಾಬಿನ ಮೇಲೆ ಮಳೆನೀರು ಇಳಿಯದಂತೆ ಹಾಕುವ ಹೊದಿಕೆ ಇರಲಿಲ್ಲ. ಸ್ಲ್ಯಾಬನ್ನು 300 ಚದರಡಿಗೇ ಹಿಡಿದಿದ್ದರು. ಕಬ್ಬಿಣದ ಮುಂದೆ ಸಣ್ಣ ಅಕ್ಷರದಲ್ಲಿ '300 ಕೆ.ಜಿ.ವರೆಗೆ, ಮೀರಿದರೆ ಪ್ರತ್ಯೇಕ' ಎಂದಿತ್ತು.

ಖಾಲಿ ಸಾಲಿಗೆ ನಾವೇ ಒಂದು ದರ ಊಹಿಸಿ ಬರೆಯಬಾರದು. ಆ ಗುತ್ತಿಗೆದಾರರನ್ನೇ ಕೇಳಿ, ಅವರ ಕೈಯಿಂದಲೇ ಬರೆಸಿಕೊಳ್ಳಬೇಕು. ಉತ್ತರ ಬಾರದಿದ್ದರೆ ಉಳಿದಿಬ್ಬರ ದರಗಳಲ್ಲಿ ಹೆಚ್ಚಿನದನ್ನು ಹಾಕಿ. ಕಡಿಮೆಯದನ್ನು ಹಾಕಿದರೆ ಬರೆಯದೆ ಬಿಟ್ಟವರಿಗೇ ಲಾಭ ಮಾಡಿಕೊಟ್ಟಂತಾಗುತ್ತದೆ. ಈ ಗುತ್ತಿಗೆದಾರರು ಕೇಳಿದ ಕೂಡಲೇ ಕೊಟ್ಟರು. ಪ್ಯಾರಾಪೆಟ್ ಎರಡೂ ಮಗ್ಗುಲ ಗಿಲಾವು ಸೇರಿ ಅಡಿಗೆ ₹450, ಸುತ್ತಳತೆ 82 ಅಡಿ, ₹36,900. ಹೊದಿಕೆ 414 ಚದರಡಿಗೆ ₹45ರಂತೆ ₹18,630. ಹೊರಚಾಚಿನ 114 ಚದರಡಿಗೆ ಸೆಂಟ್ರಿಂಗ್, ಕಾಂಕ್ರೀಟ್, ಅಡಿಭಾಗದ ಗಿಲಾವು ಸೇರಿ ₹185ರಂತೆ ₹21,090. ಹೆಚ್ಚುವರಿ ಕಬ್ಬಿಣ 120 ಕೆ.ಜಿ.ಗೆ ₹80ರಂತೆ ₹9,600. ನಾಲ್ಕೂ ಸೇರಿ ₹86,220. ಅಲ್ಲಿಗೆ ಎಲ್ಲಕ್ಕಿಂತ ಕಡಿಮೆಯಿದ್ದ ಮೊತ್ತ ₹4,58,220 ಆಯಿತು.

ಆ ಮನುಷ್ಯ ಮೋಸಗಾರ ಎನ್ನಲಾರೆ. "ಪ್ಯಾರಾಪೆಟ್ ಬೇಕೆಂದು ನೀವು ಹೇಳಲೇ ಇಲ್ಲವಲ್ಲ" ಎಂದರು, ಅದು ನಿಜವೂ ಆಗಿತ್ತು. ಮಾಲೀಕರು ಮೂವರಿಗೂ ಬಾಯಿಮಾತಿನಲ್ಲಿ 'ಮೇಲೊಂದು ರೂಮು' ಎಂದಷ್ಟೇ ಹೇಳಿದ್ದರು.

ಇವರ ಕೆಲಸಕ್ಕೆ ಬರೆದ ದರಗಳನ್ನು ನಿಮ್ಮ ಕೆಲಸಕ್ಕೆ ಹಾಕಿಕೊಳ್ಳಬೇಡಿ. ಸಿಮೆಂಟು, ಕಬ್ಬಿಣ, ಎಂ-ಸ್ಯಾಂಡ್ ಬೆಲೆ ಏರಿಳಿಯುತ್ತಿರುತ್ತದೆ. ಲೆಕ್ಕದ ಕ್ರಮವಷ್ಟೇ ನಿಮ್ಮದಾಗಲಿ.

ಒಂದೇ ಹೆಸರು, ಬೇರೆ ಮಾಲು

ಎರಡನೆಯ ಕೊಟೇಶನ್‌ನಲ್ಲಿ ಸಾಲುಗಳೆಲ್ಲ ತುಂಬಿದ್ದವು. ಆದರೆ 'ವಿಟ್ರಿಫೈಡ್ ಟೈಲ್ಸ್' ಎಂದು ಬರೆದು ಮಾಲಿನ ಮೂಲಬೆಲೆ ಚದರಡಿಗೆ ₹45 ಎಂದು ಹಿಡಿದಿದ್ದರು. ಮನೆಯವರು ಅಂಗಡಿಯಲ್ಲಿ ಆರಿಸಿಟ್ಟಿದ್ದು ₹65ರದ್ದು. ನೆಲ ಮತ್ತು ಸ್ಕರ್ಟಿಂಗ್ ಸೇರಿ 288 ಚದರಡಿ, ಕತ್ತರಿಸುವಾಗ ಪೋಲಾಗುವುದನ್ನು ಸೇರಿಸಿ 317 ಎಂದುಕೊಂಡರೆ ವ್ಯತ್ಯಾಸ ₹6,340. ಬಣ್ಣದ ಸಾಲಿನಲ್ಲಿ ಪುಟ್ಟಿ ಇರಲಿಲ್ಲ. ಒಳಗಿನ 926 ಚದರಡಿಗೆ ₹10ರಂತೆ ₹9,260. ಎರಡನ್ನೂ ಸೇರಿಸಿದರೆ ₹4,43,600.

ಹೆಚ್ಚು ಹಿಡಿದ ಅಳತೆ

ಮೂರನೆಯವರ ಪಟ್ಟಿ ಚೊಕ್ಕವಾಗಿತ್ತು. ಗುಣಮಟ್ಟವೂ ನಮ್ಮ ಪಟ್ಟಿಗೆ ಹೊಂದುತ್ತಿತ್ತು. ಆದರೆ ಗಿಲಾವು 1,944 ಚದರಡಿ ಎಂದಿತ್ತು, ನಮ್ಮ ಲೆಕ್ಕಕ್ಕಿಂತ 260 ಹೆಚ್ಚು. ಎಲ್ಲಿಂದ ಬಂತೆಂದು ಹಿಂದಿನಿಂದ ಲೆಕ್ಕ ಹಾಕಿ ನೋಡಿದೆವು. ಗೋಡೆಯ ಎತ್ತರ ಹತ್ತಡಿಯ ಬದಲು ಹನ್ನೊಂದೂವರೆ ಎಂದು ಹಿಡಿದಿದ್ದರು, ಬಾಗಿಲು ಕಿಟಕಿಗಳನ್ನು ಕಳೆದಿರಲಿಲ್ಲ. ಕೇಳಿದಾಗ ಒಪ್ಪಿಕೊಂಡರು. ಅವರ ದರ ₹46, ಕಡಿತ ₹11,960. ಪರಿಷ್ಕೃತ ಮೊತ್ತ ₹4,43,040.

ಅಳತೆ ತಪ್ಪಿದ್ದರೆ ಗುತ್ತಿಗೆದಾರರ ದರವನ್ನು ಕೆಣಕಬೇಡಿ, ದರ ಅವರದು. ಅಳತೆ ಮಾತ್ರ ಮೂವರಿಗೂ ನಿಮ್ಮ ಕಾಗದದ್ದೇ ಇರಲಿ. ಜಿಎಸ್‌ಟಿ ಸೇರಿದೆಯೋ ಪ್ರತ್ಯೇಕವೋ ಎಂಬುದನ್ನೂ ಇದೇ ಹೊತ್ತಿನಲ್ಲಿ ಬರೆಸಿಕೊಳ್ಳಿ. ನೋಂದಣಿಯೇ ಇಲ್ಲದ ಗುತ್ತಿಗೆದಾರರು ಆ ಹೆಸರಿನಲ್ಲಿ ಹಣ ಕೇಳುವಂತಿಲ್ಲ. ಇಲ್ಲಿ ಮೂವರೂ 'ಎಲ್ಲ ಸೇರಿ' ಎಂದೇ ಬರೆದುಕೊಟ್ಟರು.

ಹಣ ಯಾವಾಗ, ಎಷ್ಟು

ಎರಡನೆಯವರಿಗೂ ಮೂರನೆಯವರಿಗೂ ಉಳಿದ ಅಂತರ ₹560. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಬೆಲೆಯಿಲ್ಲ, ಟೇಪು ಹಿಡಿದ ಕೈ ಅಲುಗಿದರೂ ಅದು ಮಾಯವಾಗುತ್ತದೆ. ಆಗ ಒಂದೊಂದೇ ಸಾಲಿನ ದರವನ್ನು ಮತ್ತೊಮ್ಮೆ ನೋಡಬೇಕು.

ಎರಡನೆಯವರು ಗೋಡೆ ಕಟ್ಟಲು ಚದರಡಿಗೆ ₹115 ಬರೆದಿದ್ದರು, ಮೂರನೆಯವರು ₹85. ಬಣ್ಣಕ್ಕೆ ತಿರುಗುಮುರುಗು: ಎರಡನೆಯವರದು ₹14, ಮೂರನೆಯವರದು ₹28. ಮೊತ್ತದಲ್ಲಿ ಒಂದಕ್ಕೊಂದು ಸರಿಹೋಗುತ್ತದೆ. ಆದರೆ ಗೋಡೆ ಮೊದಲ ತಿಂಗಳ ಕೆಲಸ, ಬಣ್ಣ ಕೊನೆಯ ವಾರದ್ದು. ಮೊದಲಿನ ಕೆಲಸಕ್ಕೆ ಹೆಚ್ಚು, ಕೊನೆಯದಕ್ಕೆ ತೀರಾ ಕಡಿಮೆ ಬರೆದವರಿಗೆ ಲಾಭವೆಲ್ಲ ಮೊದಲೇ ಕೈಸೇರಿರುತ್ತದೆ. ಬಣ್ಣದ ಹೊತ್ತಿಗೆ ಫೋನ್ ಎತ್ತದಿದ್ದರೆ ನೀವು ಬೇರೆಯವರನ್ನು ಮಾರುಕಟ್ಟೆ ದರಕ್ಕೆ ಕರೆಸಬೇಕು.

ಎರಡನೆಯವರ ಪಾವತಿ ಷರತ್ತೂ ಇದಕ್ಕೆ ಜೋಡಿಯಾಗಿತ್ತು: ಆರಂಭದಲ್ಲಿ ಶೇ 40, ಸ್ಲ್ಯಾಬ್ ಆದ ಮೇಲೆ ಶೇ 40, ಕೊನೆಗೆ ಶೇ 20. ನಮ್ಮ ಪಟ್ಟಿಯಲ್ಲಿ ಗೋಡೆ, ಲಿಂಟಲ್, ಸ್ಲ್ಯಾಬ್, ಕಬ್ಬಿಣ ಇಷ್ಟನ್ನೇ ಕೂಡಿದರೆ ಒಟ್ಟು ಕೆಲಸದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚಾಗುತ್ತದೆ, ಅಷ್ಟೇ. ಅಂದರೆ ಮೂರರಲ್ಲೊಂದು ಪಾಲು ಕೆಲಸ ಮುಗಿದಾಗ ಐದರಲ್ಲಿ ನಾಲ್ಕು ಪಾಲು ಹಣ ಹೋಗಿರುತ್ತದೆ. ಷರತ್ತು ಸಡಿಲಿಸಿ ಎಂದು ಕೇಳಿದೆವು, ಒಪ್ಪಲಿಲ್ಲ. ಮೂರನೆಯವರು ಶೇ 10 ಮುಂಗಡ, ಉಳಿದದ್ದು ಮುಗಿದ ಕೆಲಸದ ಅಳತೆಗೆ ತಕ್ಕಂತೆ ಎಂದರು. ಕೆಲಸ ಅವರಿಗೇ ಹೋಯಿತು.

ತಿದ್ದಿದ ಪಟ್ಟಿಯನ್ನೇ ಒಪ್ಪಂದಕ್ಕೆ ಲಗತ್ತಿಸಿ ಇಬ್ಬರೂ ಪ್ರತಿ ಹಾಳೆಗೆ ಸಹಿ ಹಾಕಿದರು. ಕಬ್ಬಿಣ ಬಂದ ದಿನ ಮನೆಯಾಕೆ ಆ ಪಟ್ಟಿಯನ್ನು ಹಿಡಿದುಕೊಂಡೇ ಲಾರಿಯ ಬಳಿ ನಿಂತಿದ್ದರು. ಕಂಬಿಯ ವ್ಯಾಸವನ್ನು ಮಿಲಿಮೀಟರ್‌ನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ. 12 ಮೀಟರ್ ಉದ್ದದ 10 ಮಿ.ಮೀ. ಕಂಬಿ ಒಂದಕ್ಕೆ ಸುಮಾರು 7.4 ಕೆ.ಜಿ., 8 ಮಿ.ಮೀ.ನದಕ್ಕೆ 4.7. ಕಂಬಿಗಳನ್ನು ಎಣಿಸಿ ಗುಣಿಸಿದರೆ ತೂಕದ ಚೀಟಿ ಸರಿಯಿದೆಯೇ ಎಂದು ಅಲ್ಲೇ ಗೊತ್ತಾಗುತ್ತದೆ. ಗೋಡೆ ಅರ್ಧ ಎದ್ದಾಗ ಅವರಿಗೆ ಒಂದು ಕಿಟಕಿ ದೊಡ್ಡದಾಗಬೇಕು ಎನಿಸಿತು. ಗುತ್ತಿಗೆದಾರರು ಜೇಬಿನಿಂದ ಅದೇ ಪಟ್ಟಿ ತೆಗೆದು, ಗೋಡೆಯ ದರ ಕಳೆದು ಕಿಟಕಿಯ ದರ ಕೂಡಿಸಿ, ಹಾಳೆಯ ಅಂಚಿನಲ್ಲಿ ಮೊತ್ತ ಬರೆದರು. ಚೌಕಾಸಿಗೆ ಜಾಗವೇ ಇರಲಿಲ್ಲ.